ಏಳನೆಯ ಆಕರ

ನಾನು ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ಅಂಗಡಿ ಬೋರ್ಡಿನಲ್ಲಿ ಕಾಗುಣಿತ ತಪ್ಪಿದ್ದರೆ ಬೀದಿಯಲ್ಲೇ ನಿಂತು ಗೊಣಗುವ ಜಾತಿ. ಯಾರ ಮನೆಯ ಆಮಂತ್ರಣ ಬಂದರೂ ನಾನು ಮೊದಲು ತಪ್ಪು ಹುಡುಕುತ್ತೇನೆ, ಆಮೇಲೆ ತಾರೀಕು ನೋಡುತ್ತೇನೆ ಎಂದು ಹೆಂಡತಿ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಾಳೆ. ನಗಲಿ ಬಿಡಿ. ಅಲ್ಪವಿರಾಮದ ಬಗ್ಗೆ ಕಾಳಜಿ ಇರುವವರು ಜಗತ್ತಿನಲ್ಲಿ ನಾಲ್ಕು ಜನರಾದರೂ ಬೇಡವೇ? ಹೀಗೆ ಅಂದುಕೊಂಡೇ ಇಷ್ಟು ವರ್ಷ ಬದುಕಿದೆ, ಮಗಳ ಪ್ರಾಜೆಕ್ಟಿನ ಕೊನೆಯ ಪುಟಕ್ಕೆ ಕೈ ಹಾಕುವವರೆಗೆ.

ಮಗಳು ಆಗ ಒಂಬತ್ತನೇ ತರಗತಿ. ಹುಟ್ಟಿದಾಗ ತೀರಾ ಚಿಕ್ಕದಾಗಿದ್ದಳೆಂದು ಮನೆಯಲ್ಲಿ ಚುಕ್ಕಿ ಎನ್ನುತ್ತೇವೆ. ಆ ವರ್ಷ ಹವಾಮಾನ ಬದಲಾವಣೆಯ ಮೇಲೆ ಪ್ರಾಜೆಕ್ಟ್ ಮಾಡಬೇಕಿತ್ತು. ಉಳಿದ ಮಕ್ಕಳು ಕರಗುವ ಹಿಮ, ಮುಳುಗುವ ದ್ವೀಪ ಎಂದು ಬಣ್ಣದ ಚಿತ್ರ ಅಂಟಿಸುತ್ತಿದ್ದರೆ, ನಮ್ಮವಳು ಹಿಡಿದದ್ದು 'ನಮ್ಮ ನಗರದ ರಾತ್ರಿಗಳು ಏಕೆ ತಣ್ಣಗಾಗುತ್ತಿಲ್ಲ' ಎಂಬ ವಿಷಯ. ಅವಳಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳ ಕೈಯಿಂದ ಒಂದು ಥರ್ಮಾಮೀಟರ್ ತರಿಸಿಕೊಂಡು ಬಾಲ್ಕನಿಯ ಕಂಬಿಗೆ ಕಟ್ಟಿ, ನಲವತ್ತು ದಿನ ರಾತ್ರಿ ಊಟಕ್ಕೆ ಮುಂಚೆ ಶಾಖ ಬರೆದಿಟ್ಟಳು. ಐಸ್ ಅಂಗಡಿಯವರ ಹತ್ತಿರ ಹೋಗಿ, ಬೇಸಗೆ ಎಷ್ಟು ಬೇಗ ಶುರುವಾಗುತ್ತಿದೆ ಎಂದು ಕೇಳಿಕೊಂಡು ಬಂದಳು. ಒಳ್ಳೆಯ ಪ್ರಾಜೆಕ್ಟುಗಳಲ್ಲಿ ಒಂದನ್ನು ಆರಿಸಿ ಅಂತರಶಾಲಾ ಪ್ರದರ್ಶನಕ್ಕೆ ಕಳಿಸುತ್ತಾರೆ, ಅಲ್ಲಿಗೆ ಹವಾಮಾನ ಕೇಂದ್ರದವರು ಬರುತ್ತಾರೆ ಎಂದು ಗೊತ್ತಾದ ಮೇಲಂತೂ ಅವಳನ್ನು ಹಿಡಿಯುವವರಿರಲಿಲ್ಲ. "ಅಪ್ಪಾ, ಅಲ್ಲಿ ಬಲೂನ್ ಹಾರಿಸಿ ಗಾಳಿ ಅಳೀತಾರಂತೆ. ನಂಗೆ ಒಂದ್ಸಲ ಒಳಗೆ ಬಿಟ್ರೆ ಸಾಕು" ಎನ್ನುತ್ತಿದ್ದಳು.

ಒಪ್ಪಿಸುವ ಹಿಂದಿನ ದಿನ, ಸಂಜೆ ಐದು ಗಂಟೆಗೆ, ಅಡುಗೆಮನೆಯ ಮೇಜಿನ ಮೇಲೆ ಕೈಬರಹದ ಎರಡು ಹಾಳೆ ತಂದಿಟ್ಟಳು.

"ಇಷ್ಟೇ ಬಾಕಿ ಅಪ್ಪಾ. ಆಕರ ಸೂಚಿ. ಟೈಪ್ ಮಾಡೋಕೆ ಮುಂಚೆ ಒಂದ್ಸಲ ಕಾಗುಣಿತ ನೋಡ್ಕೊಡ್ತೀಯಾ?"

ಕಾಗುಣಿತ ಮಾತ್ರ ಎಂದು ಅವಳು ಹೇಳಿದ್ದಳು. ಇದನ್ನು ನಾನು ಮರೆಯುವಂತಿಲ್ಲ.

ಏಳು ಆಕರಗಳಿದ್ದವು. ಬರಹದಲ್ಲಿ ಯಾವ ಕ್ರಮದಲ್ಲಿ ಬಂದಿವೆಯೋ ಅದೇ ಕ್ರಮದ ಸಂಖ್ಯೆ. ಒಂದು, ಪಠ್ಯಪುಸ್ತಕ, ಎಷ್ಟನೇ ಅಧ್ಯಾಯ. ಎರಡು, ಶಾಲೆಯ ಲೈಬ್ರರಿಯ ಪುಸ್ತಕ, ಬರೆದವರು, ಪ್ರಕಾಶಕರು, ವರ್ಷ. ಮೂರು ಮತ್ತು ನಾಲ್ಕು, ಎರಡು ವೆಬ್‌ಸೈಟು, ತಾನು ಯಾವ ದಿನ ನೋಡಿದೆ ಎಂಬ ತಾರೀಕಿನ ಸಮೇತ. ಐದು, ತನ್ನದೇ ಅಳತೆ, ನಲವತ್ತು ದಿನ, ಪಟ್ಟಿ ಪುಟ ಆರರಲ್ಲಿದೆ. ಆರು, ಐಸ್ ಅಂಗಡಿಯವರೊಡನೆ ಮಾತುಕತೆ, ಭಾನುವಾರ ಬೆಳಿಗ್ಗೆ, ಅವರ ಅಂಗಡಿಯಲ್ಲಿ. ಏಳನೆಯದನ್ನು ಮಾತ್ರ ಅವಳು ಕತೆಯ ಹಾಗೆ ಬರೆದಿದ್ದಳು. ನಮ್ಮ ಪತ್ರಿಕೆಯ ಹೆಸರು, ವರದಿಗಾರನ ಹೆಸರು, ಸುದ್ದಿಯ ತಲೆಬರಹ, ಹನ್ನೊಂದನೇ ತಾರೀಕು, ಪುಟ ಐದು, ಕೆಳಗಿನ ಮೂಲೆ. ಅದರ ಮುಂದೆ: 'ನಗರದ ರಾತ್ರಿಗಳು ಮೂವತ್ತು ವರ್ಷಗಳಲ್ಲಿ ೨ ಡಿಗ್ರಿ ಬಿಸಿಯಾಗಿವೆ ಎಂದು ಹವಾಮಾನ ಕೇಂದ್ರದ ವರದಿಯ ನಾಲ್ಕನೇ ಅಧ್ಯಾಯ ಹೇಳಿದೆಯಂತೆ. ಆ ವರದಿಯನ್ನು ನಾನು ಓದಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ಓದಿದ್ದೇನೆ.'

ನನಗೆ ನಗು ಬಂತು. "ಇದೇನೇ ಇದು, ತಪ್ಪೊಪ್ಪಿಗೆ ಪತ್ರ ಇದ್ದ ಹಾಗಿದೆ? ಓದಿಲ್ಲ ಅಂತ ಯಾರಾದ್ರೂ ಬರ್ಕೊಡ್ತಾರಾ?"

"ಓದಿಲ್ವಲ್ಲಪ್ಪ."

"ಮತ್ತೆ, ಆಕರ ಅಂತ ಪತ್ರಿಕೇನ ಕೊಡೋದಾ? ಅದೂ ನಮ್ಮ ಪತ್ರಿಕೇನ?"

"ಐದನೇ ಪುಟ ನೀನೇ ಅಲ್ವಾ ನೋಡೋದು? ಅದಕ್ಕೇ ಧೈರ್ಯವಾಗಿ ಹಾಕ್ದೆ."

ಆ ಮಾತಿಗೆ ಹಿಗ್ಗಿ ಸುಮ್ಮನಿರಬಹುದಿತ್ತು. ಆದರೆ ಮಿಠಾಯಿ ಮಾಡುವವನು ತನ್ನ ಅಂಗಡಿಯ ಮಿಠಾಯಿ ತಿನ್ನುವುದಿಲ್ಲ. ನಮ್ಮ ಪತ್ರಿಕೆ ಹೇಗೆ ತಯಾರಾಗುತ್ತದೆ ಎಂದು ನನಗೆ ಗೊತ್ತು. ಐದನೇ ಪುಟವೆಂದರೆ ಜಾಹೀರಾತು ಬಿದ್ದುಹೋದಾಗ ಸಿಕ್ಕಿದ್ದನ್ನು ತುಂಬುವ ಜಾಗ. ಹವಾಮಾನದ ಬಗ್ಗೆ ಇಷ್ಟು ಚೆನ್ನಾಗಿ ಬರೆದ ಹುಡುಗಿ ಕೊನೆಗೆ ಐದನೇ ಪುಟದ ಮೂಲೆಯನ್ನು ತೋರಿಸಿದರೆ ಪರೀಕ್ಷಕರು ಏನೆಂದುಕೊಂಡಾರು? ಮಗಳ ಕೆಲಸ ತೂಕವಾಗಿ ಕಾಣಲಿ ಎಂಬ ಆಸೆ ನನಗೆ. ನನ್ನ ಮಗಳು, ನನ್ನ ಮನೆಯ ಆಕರ ಸೂಚಿ, ಅದು ಅಚ್ಚುಕಟ್ಟಾಗಿರದೆ ಇನ್ನಾರದು ಇರಬೇಕು?

ಕೆಂಪು ಪೆನ್ನು ತೆಗೆದೆ. ಮೊದಲ ಆರಕ್ಕೆ ಅಲ್ಪವಿರಾಮ, ಪೂರ್ಣವಿರಾಮ ಇಟ್ಟೆ. ಪುಸ್ತಕದ ಹೆಸರನ್ನು ಓರೆ ಅಕ್ಷರದಲ್ಲಿ ಹಾಕಲು ಗುರುತು ಮಾಡಿದೆ. ಏಳನೆಯದನ್ನು ಪೂರ್ತಿ ಹೊಡೆದು, ಫೋನಿನಲ್ಲಿ ಹುಡುಕಿ ವರದಿಯ ಪೂರ್ತಿ ಹೆಸರು, ಪ್ರಕಟವಾದ ವರ್ಷ ತೆಗೆದು ಬರೆದೆ. ಹವಾಮಾನ ಕೇಂದ್ರ, ವರ್ಷ, ವರದಿಯ ಹೆಸರು, ಅಧ್ಯಾಯ ನಾಲ್ಕು. ಒಂದೇ ಸಾಲು. ನೋಡಲು ಎಷ್ಟು ಗಂಭೀರವಾಗಿತ್ತೆಂದರೆ ನನಗೇ ಗೌರವ ಬಂತು. ಆ ವರದಿ ಇನ್ನೂರ ಹನ್ನೆರಡು ಪುಟವಿತ್ತು, ಫೋನಿಗೆ ಇಳಿಯಲು ಹೊತ್ತಾಗುತ್ತಿತ್ತು. ತೆರೆದು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಸಾವಿರಾರು ಅಡಿಟಿಪ್ಪಣಿ ತಿದ್ದಿದ್ದೇನೆ. ಅದರಲ್ಲಿ ಹೇಳಿದ ಪುಸ್ತಕವನ್ನು ತೆರೆದು ನೋಡು ಎಂದು ಒಬ್ಬರೂ ನನಗೆ ಹೇಳಿಲ್ಲ.

ಚುಕ್ಕಿ ಹಾಳೆಯನ್ನು ಹಿಡಿದು ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು. "ಆದ್ರೆ ಅಪ್ಪಾ, ನಾನು ಓದಿರೋದು ಇದಲ್ಲ."

"ವರದಿಗಾರ ಓದಿದಾನೆ, ಅವನು ಬರೆದಿದ್ದನ್ನ ನೀನು ಓದಿದೀಯ. ಸುತ್ತಿ ಬಳಸಿ ಅಲ್ಲಿಗೇ ಬಂತಲ್ಲ. ದೊಡ್ಡೋರೆಲ್ಲ ಹೀಗೇ ಬರೆಯೋದು ಕಣಮ್ಮ."

ದೊಡ್ಡವರೆಲ್ಲ ಹೀಗೇ ಬರೆಯುತ್ತಾರೆ ಎಂದದ್ದಕ್ಕೆ ನನ್ನ ಹತ್ತಿರ ಯಾವ ಆಧಾರವಿತ್ತು? ಏನೂ ಇರಲಿಲ್ಲ. ಆದರೆ ಅಪ್ಪ ಹೇಳಿದ ಮಾತಿಗೆ ಆಧಾರ ಕೇಳುವ ವಯಸ್ಸು ಅವಳಿಗೆ ಇನ್ನೂ ಬಂದಿರಲಿಲ್ಲ. ನಾನು ತಿದ್ದಿದಂತೆಯೇ ಟೈಪ್ ಮಾಡಿದಳು.

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಶಾಲೆಯ ಹೇಳಿಕೆ ಪತ್ರ ತಂದು ಹಿಡಿದಳು. 'ಈ ಪ್ರಾಜೆಕ್ಟಿನ ಬರಹ, ಅಂಕಿ ಅಂಶ ಮತ್ತು ಆಕರ ಸೂಚಿ ವಿದ್ಯಾರ್ಥಿಯದೇ. ಪಾಲಕರಾಗಲಿ ಬೇರೆಯವರಾಗಲಿ ಏನನ್ನೂ ಬದಲಿಸಿಲ್ಲ.' ಕೆಳಗೆ ಅವಳ ಸಹಿಗೊಂದು ಗೆರೆ, ನನ್ನ ಸಹಿಗೊಂದು ಗೆರೆ.

"ಬದಲ್ಸಿಲ್ಲ ಅಂತಿದೆ ಅಪ್ಪಾ."

"ತಿದ್ದೋದು ಅಂದ್ರೆ ಬದಲ್ಸೋದಲ್ಲ ಕಣೆ. ಕೊಡು ಇಲ್ಲಿ, ಹೊತ್ತಾಯ್ತು."

'ಪಾಲಕರಾಗಲಿ' ಎಂಬುದು ದೀರ್ಘ ಬಿಟ್ಟು 'ಪಲಕರಾಗಲಿ' ಎಂದು ಅಚ್ಚಾಗಿತ್ತು. ಅದು ಕಣ್ಣಿಗೆ ಬಿತ್ತು. ಆ ಎರಡು ವಾಕ್ಯ ಏನು ಹೇಳುತ್ತಿವೆ ಎಂಬುದು ಬೀಳಲಿಲ್ಲ. ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದೆ. ನನ್ನ ಮುಖ ನೋಡಿ ಅವಳೂ ಹಾಕಿದಳು.

ಹತ್ತು ದಿನ ಬಿಟ್ಟು, ಶನಿವಾರ ಬೆಳಿಗ್ಗೆ, ಮಕ್ಕಳು ಪ್ರಾಜೆಕ್ಟನ್ನು ವಿವರಿಸುವ ಕಾರ್ಯಕ್ರಮವಿತ್ತು. ಪಾಲಕರು ಬರಬಹುದು, ಹಿಂದಿನ ಬೆಂಚಿನಲ್ಲಿ ಕೂರಬೇಕು, ಮಾತಾಡಕೂಡದು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ನನ್ನ ಮೊಣಕಾಲು ಹಿಡಿಸದ ಬೆಂಚಿನಲ್ಲಿ ಕೂತೆ. ಭೂಗೋಳದ ಟೀಚರ್ ಒಂದು ಪಕ್ಕ, ಹೊರಗಿನಿಂದ ಕರೆಸಿದ ಪರೀಕ್ಷಕರು ಇನ್ನೊಂದು ಪಕ್ಕ. ಪರೀಕ್ಷಕರು ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರಂತೆ. ಸಣ್ಣ ದನಿಯ, ಮಕ್ಕಳನ್ನು 'ಮಗು' ಎನ್ನುವ ಮನುಷ್ಯ.

ಚುಕ್ಕಿ ಚೆನ್ನಾಗಿ ಮಾತಾಡಿದಳು. ಟಾರು, ಸಿಮೆಂಟು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಡುವುದನ್ನು ಹೇಳಿದಳು. ತನ್ನ ನಲವತ್ತು ದಿನದ ಗೆರೆಚಿತ್ರ ತೋರಿಸಿದಳು. "ನಲವತ್ತು ದಿನದಿಂದ ಹವಾಮಾನ ಬದಲಾಗಿದೆ ಅಂತ ಹೇಳೋಕಾಗಲ್ಲ ಸರ್, ಅದಕ್ಕೆ ಮೂವತ್ತು ವರ್ಷದ ಲೆಕ್ಕ ಬೇಕು. ಆ ಲೆಕ್ಕ ಏಳನೇ ಆಕರದಲ್ಲಿದೆ" ಎಂದಳು. ಪರೀಕ್ಷಕರು ತಲೆದೂಗಿದರು. ಟೀಚರ್ ಮುಖದಲ್ಲಿ ಹೆಮ್ಮೆ. ನನ್ನ ಮುಖದಲ್ಲಿ ಏನಿತ್ತೋ, ಪಕ್ಕದಲ್ಲಿದ್ದವರು ಜರುಗಿ ಕೂತರು.

ಆಮೇಲೆ ಪರೀಕ್ಷಕರು ಪ್ರಾಜೆಕ್ಟಿನ ಒಂಬತ್ತನೇ ಪುಟ ತೆರೆದರು, ಕೊನೆಯ ಪುಟ ತೆರೆದರು, ತಮ್ಮ ಚೀಲದಿಂದ ದಪ್ಪನೆಯ ಒಂದು ಪುಸ್ತಕ ತೆಗೆದರು.

"ಈ ವರದಿಯ ನಾಲ್ಕನೇ ಅಧ್ಯಾಯಕ್ಕೆ ಲೆಕ್ಕ ಹಾಕಿದವರಲ್ಲಿ ನಾನೂ ಒಬ್ಬ ಮಗು. ಅದಕ್ಕೇ ಖುಷಿಯಾಗಿ ತಂದೆ. ನಗರದ ಸರಾಸರಿ ಇಲ್ಲಿ ಒಂದು ಪಾಯಿಂಟ್ ಎರಡು ಡಿಗ್ರಿ ಅಂತಿದೆ. ನೀನು ಎರಡು ಅಂತ ಬರೆದಿದೀಯ. ಎರಡು ಎಲ್ಲಿಂದ ಬಂತು?"

ಚುಕ್ಕಿ ಪುಸ್ತಕ ನೋಡಿದಳು. ಆಮೇಲೆ ಹಿಂದಿನ ಬೆಂಚಿನ ಕಡೆ ನೋಡಿದಳು. ನನ್ನನ್ನೇ.

ನಾನು ಅರ್ಧ ಎದ್ದೆ. ಟೀಚರ್ ಕೈ ಮುಂದೆ ಮಾಡಿ, ಕೂತ್ಕೊಳ್ಳಿ ಎಂಬಂತೆ ಸನ್ನೆ ಮಾಡಿದರು. ಕೂತೆ. ಅವರು ಸನ್ನೆ ಮಾಡಿದ್ದಕ್ಕೇ ಕೂತೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಾಗಿ ಕೂರಿಸಿದ್ದು ಹೆದರಿಕೆ. ನಲವತ್ತು ಜನ ಪಾಲಕರ ಮುಂದೆ, ಮೇಷ್ಟ್ರ ಹಾಗೆ ತಪ್ಪು ಹುಡುಕಿಕೊಂಡು ತಿರುಗುವ ನಾನು, ಏನೆಂದು ಹೇಳಲಿ?

"ಎರಡು ಡಿಗ್ರಿ ಅನ್ನೋದು ಇದೇ ಅಧ್ಯಾಯದಲ್ಲಿದೆ," ಪರೀಕ್ಷಕರು ಮೆಲ್ಲಗೆ ಹೇಳಿದರು, "ಆದ್ರೆ ಅದು ಒಂದೇ ಒಂದು ಕಡೆಯದ್ದು. ಮಾರುಕಟ್ಟೆ ಮಧ್ಯದ ಕೇಂದ್ರದ್ದು, ಎಲ್ಲಕ್ಕಿಂತ ಹೆಚ್ಚಿನದು. ಅದನ್ನ ಇಡೀ ನಗರದ್ದು ಅಂತ ಮಾಡಿದೀಯ. ನೀನು ಈ ಅಧ್ಯಾಯ ಓದಿದೀಯಾ ಮಗು?"

"ಇಲ್ಲ ಸರ್."

"ಓದದೆ ಯಾಕೆ ಇದರ ಹೆಸರು ಬರೆದೆ?"

ಅವಳು ಕಾಲ ಬೆರಳಿನಿಂದ ನೆಲ ಒತ್ತುತ್ತಿದ್ದಳು. ಪರೀಕ್ಷಕರು ಪುಸ್ತಕ ಮುಚ್ಚಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಬೇಸರವಾಗಿತ್ತು. "ಬಿಸಿಯಾಗ್ತಿರೋದೇ ಸುಳ್ಳು ಅನ್ನೋ ಜನ ಇದಾರೆ ಮಗು. ಅವರು ಕಾಯ್ತಿರೋದು ಇಂಥ ಒಂದು ಹೆಚ್ಚುಮಾಡಿದ ಅಂಕಿಗೇ. ಒಂದು ಪಾಯಿಂಟ್ ಎರಡೇ ಸಾಕಿತ್ತಲ್ಲ, ಅದೇ ಬೇಕಾದಷ್ಟು ಭಯ ಹುಟ್ಸುತ್ತೆ" ಎಂದರು. ಅವರು ಕೊಟ್ಟ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ಆಕರವನ್ನು ಓದಿಲ್ಲ, ಅಂಕಿಯನ್ನು ತಿರುಚಲಾಗಿದೆ.

ತಿರುಚಲಾಗಿದೆ. ನನ್ನ ಮಗಳು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು. "ನಮ್ಮ ಲ್ಯಾಬಲ್ಲಿ ಬಾಟ್ಲಿ ಮೇಲಿನ ಚೀಟಿ ಕೆಟ್ಟದಾಗಿ ಕಾಣುತ್ತೆ ಅಂತ ಇನ್ನೊಬ್ಬರ ಹೆಸರಿನ ಚೀಟಿ ಅಂಟಿಸಿದ್ರೆ ಒಳಗಿನ ರಕ್ತ ಅವರದ್ದಾಗುತ್ತೇನ್ರಿ?" ಎಂದು ಕೇಳಿ ಒಳಗೆ ಹೋದಳು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಸೋಮವಾರ ಕಚೇರಿಗೆ ಹೋದವನೇ ಹಳೆಯ ಪತ್ರಿಕೆಗಳ ಕಡತ ತೆಗೆದೆ. ಹನ್ನೊಂದನೇ ತಾರೀಕು, ಪುಟ ಐದು, ಕೆಳಗಿನ ಮೂಲೆ. ಚುಕ್ಕಿ ಬರೆದುಕೊಂಡದ್ದು ಅಕ್ಷರಕ್ಕೆ ಅಕ್ಷರ ಸರಿಯಿತ್ತು. ನಗರದ ರಾತ್ರಿಗಳು ೨ ಡಿಗ್ರಿ ಬಿಸಿ, ಎಂದೇ ತಲೆಬರಹ. ತಪ್ಪು ವರದಿಗಾರನದು. ಅಷ್ಟಕ್ಕೇ ನಿಂತಿದ್ದರೆ ಅವನನ್ನು ಬೈದುಕೊಂಡು ಸ್ವಲ್ಪ ಹಗುರವಾಗುತ್ತಿದ್ದೆ. ಪುಟ ತಿರುವುತ್ತಾ ಹೋದೆ. ಹದಿನೈದನೇ ತಾರೀಕು, ಅದೇ ಪುಟ, ಮೂರು ಸಾಲಿನ ತಿದ್ದುಪಡಿ: 'ನಗರದ ರಾತ್ರಿಗಳ ಬಗೆಗಿನ ಸುದ್ದಿಯಲ್ಲಿ ೨ ಡಿಗ್ರಿ ಎಂದಿರುವುದನ್ನು ೧.೨ ಡಿಗ್ರಿ ಎಂದು ಓದಿಕೊಳ್ಳಬೇಕು. ಪ್ರಮಾದಕ್ಕೆ ವಿಷಾದಿಸುತ್ತೇವೆ.'

ಐದನೇ ಪುಟ ಎರಡೂ ದಿನ ನನ್ನದೇ. ಹನ್ನೊಂದಕ್ಕೂ ನಾನೇ ಓದಿದ್ದೆ, ಹದಿನೈದಕ್ಕೂ ನಾನೇ ಓದಿದ್ದೆ. ತಿದ್ದುಪಡಿಯಲ್ಲಿ 'ವಿಷಾಧಿಸುತ್ತೇವೆ' ಎಂದಿದ್ದ ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿದ್ದು ಈಗಲೂ ನೆನಪಿದೆ. ಎರಡೋ ಒಂದು ಪಾಯಿಂಟ್ ಎರಡೋ, ಆ ಅಂಕಿ ನನ್ನ ಕಣ್ಣಿನಿಂದ ಒಳಗೆ ಇಳಿದೇ ಇರಲಿಲ್ಲ. ಮಗಳು ಅಡುಗೆಮನೆಯ ಮೇಜಿನ ಮೇಲೆ ಆ ಹಾಳೆ ಇಡುವ ಹೊತ್ತಿಗೆ ತಿದ್ದುಪಡಿ ಬಂದು ಮೂರು ವಾರವಾಗಿತ್ತು. ನಾನು ಅಕ್ಷರ ಓದುವವನು. ಇಷ್ಟು ವರ್ಷ ಅದನ್ನೇ ಓದು ಎಂದುಕೊಂಡಿದ್ದೆ.

ಮಧ್ಯಾಹ್ನ ಶಾಲೆಗೆ ಹೋದೆ. ಟೀಚರ್ ಸಿಬ್ಬಂದಿ ಕೋಣೆಯಲ್ಲಿ ಉತ್ತರ ಪತ್ರಿಕೆಗಳ ಕಟ್ಟಿನ ಹಿಂದೆ ಕೂತಿದ್ದರು. ನಿಂತುಕೊಂಡೇ ಒಂದೇ ಉಸಿರಿಗೆ ಹೇಳಿದೆ. ಅವಳು ಪತ್ರಿಕೆಯ ಹೆಸರನ್ನೇ ಬರೆದಿದ್ದಳು, ಓದಿಲ್ಲ ಎಂದೂ ಬರೆದಿದ್ದಳು, ಹೊಡೆದುಹಾಕಿದ್ದು ನಾನು, ತಪ್ಪು ಅಂಕಿ ಪತ್ರಿಕೆಯದು, ಆ ಪುಟ ನೋಡಿದ್ದೂ ನಾನೇ.

ಟೀಚರ್ ಕುರ್ಚಿ ತೋರಿಸಿದರು. "ಅವಳು ಬರೆದಿದ್ದು ಸರಿ ಇತ್ತಲ್ಲ ಸರ್! ನಾನು ಕ್ಲಾಸಲ್ಲಿ ಅದನ್ನೇ ಹೇಳ್ಕೊಟ್ಟಿದ್ದು. ಕೈಯಲ್ಲಿ ಹಿಡಿದು ಓದಿದ್ದೇನೋ ಅದನ್ನೇ ಬರೀಬೇಕು. ವರದಿಯ ಹೆಸರು ಹೇಳಿ, ಇಂಥ ಪತ್ರಿಕೆಯಲ್ಲಿ ಉಲ್ಲೇಖಿತ ಅಂತ ಸೇರಿಸಿದ್ರೆ ಮುಗೀತಿತ್ತು. ಪರೀಕ್ಷಕರು ಆಗ, ಪತ್ರಿಕೆ ತಪ್ಪು ಮಾಡಿದೆ ಮಗು, ಮೂಲ ನೋಡು ಅಂತ ಹೇಳಿ ಬಿಡ್ತಿದ್ರು. ಒಂದೆರಡು ಅಂಕ ಹೋಗ್ತಿತ್ತು, ಅಷ್ಟೇ."

"ಈಗ ಅದನ್ನೇ ಬರೆದು ಹಾಕಿ ಮೇಡಂ. ತಪ್ಪು ಅಪ್ಪಂದು ಅಂತ ಬರೀರಿ. ನಾನು ಬರ್ಕೊಡ್ತೀನಿ."

ಅವರು ಕಪಾಟಿನಿಂದ ಫೈಲು ತೆಗೆದು ನನ್ನ ಮುಂದೆ ತೆರೆದಿಟ್ಟರು. ನಾನು ಗೋಡೆಗೆ ಒತ್ತಿ ಹಾಕಿದ ಸಹಿ, ಅದರ ಪಕ್ಕ ಅವಳ ದುಂಡು ಸಹಿ.

"ನೀವು ಹೇಳೋದನ್ನ ನಾನು ನಂಬ್ತೀನಿ. ಆದ್ರೆ ಅದನ್ನ ಬರ್ಕೊಂಡ್ರೆ ಈ ಹೇಳಿಕೆ ಸುಳ್ಳಾಗುತ್ತೆ. ನಿಮ್ದು ಮಾತ್ರ ಅಲ್ಲ, ಅವಳದ್ದೂ. ಗೊತ್ತಿದ್ದೂ ಸುಳ್ಳು ಸಹಿ ಹಾಕಿದ್ಲು ಅಂತ ಸಮಿತಿಗೆ ಹೋಗುತ್ತೆ, ಈ ವರ್ಷ ಇನ್ನೊಂದು ಪ್ರಾಜೆಕ್ಟ್ ಒಪ್ಸೋಕೂ ಬಿಡಲ್ಲ. ಅವಳೇ ನನ್ನ ತಪ್ಪು ಅಂತ ಬರ್ಕೊಟ್ರೆ ಈ ಪ್ರಾಜೆಕ್ಟಿಗೆ ಸೊನ್ನೆ ಕೊಟ್ಟು, ಹೊಸದು ಮಾಡೋಕೆ ಬಿಡ್ತಾರೆ. ಪ್ರದರ್ಶನಕ್ಕಂತೂ ಎರಡರಲ್ಲೂ ಅವಕಾಶ ಇಲ್ಲ."

"ಆದ್ರೆ ಅವಳು ತಪ್ಪೇ ಮಾಡಿಲ್ವಲ್ಲ ಮೇಡಂ."

"ಗೊತ್ತು ಸರ್. ಆ ಮಾತು ಬರೆಯೋಕೆ ಈ ಫೈಲಲ್ಲಿ ಜಾಗ ಎಲ್ಲಿದೆ, ನೀವೇ ತೋರಿಸಿ."

ಅತ್ತ ದರಿ, ಇತ್ತ ಪುಲಿ. ದರಿಯನ್ನೂ ನಾನೇ ತೋಡಿದ್ದೆ, ಪುಲಿಯನ್ನೂ ನಾನೇ ಸಾಕಿದ್ದೆ. ನಡುವೆ ನಿಂತಿದ್ದು ಮಾತ್ರ ಅವಳು.

ಆದರೂ ಮನಸ್ಸು ಒಪ್ಪಲಿಲ್ಲ. ಆ ಕೈಬರಹದ ಹಾಳೆ ಸಿಕ್ಕರೆ, ಅದರಲ್ಲಿ ಅವಳ ಅಕ್ಷರ, ಅದರ ಮೇಲೆ ನನ್ನ ಕೆಂಪು ಗೆರೆ, ಎರಡೂ ಇರುತ್ತವೆ. ಅದನ್ನು ಪರೀಕ್ಷಕರ ಮುಂದೆಯೇ ಇಟ್ಟರೆ 'ತಿರುಚಲಾಗಿದೆ' ಎಂಬುದನ್ನಾದರೂ ಹೊಡೆದಾರು. ಮನೆಗೆ ಬಂದು ಚುಕ್ಕಿಯ ಮುಂದೆ ಕೂತು ಎಲ್ಲ ಹೇಳಿದೆ. ಹದಿನೈದನೇ ತಾರೀಕಿನ ತಿದ್ದುಪಡಿಯನ್ನೂ ಮುಚ್ಚಿಡಲಿಲ್ಲ. ಅವಳು ಬಾಲ್ಕನಿಯ ಬಾಗಿಲಿಗೆ ಒರಗಿ ಕೇಳಿಸಿಕೊಂಡಳು.

"ಅದನ್ನೂ ನೀನೇ ನೋಡಿದ್ಯಾ ಅಪ್ಪಾ?"

"ಹೂಂ."

"ಓದಿದ್ರೂ ಗೊತ್ತಾಗ್ಲಿಲ್ವಾ?"

"ಇಲ್ಲಮ್ಮ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯವಿತ್ತು. ಗೊತ್ತಿರುವ ಮನೆಯಲ್ಲಿ ಒಂದು ಮೆಟ್ಟಿಲು ಕಡಿಮೆಯಿದೆ ಎಂದು ಇದ್ದಕ್ಕಿದ್ದಂತೆ ಕಾಲಿಗೆ ತಿಳಿದರೆ ಆಗುತ್ತದಲ್ಲ, ಅಂಥದ್ದು.

"ಆ ಹಾಳೆ ಎಲ್ಲಿದೆ ಪುಟ್ಟಿ? ಕೊಡು."

"ಇದೆ. ಕೊಡಲ್ಲ."

"ಯಾಕೆ?"

"ಕೊಟ್ರೆ ನೀನು ಸುಳ್ಳು ಸಹಿ ಹಾಕಿದೆ ಅಂತ ಎಲ್ರಿಗೂ ಗೊತ್ತಾಗುತ್ತೆ. ಆಮೇಲೆ ನಿಮ್ಮ ಆಫೀಸಿಗೂ ಗೊತ್ತಾಗುತ್ತೆ."

ಬೇಡಿಕೊಂಡೆ, ಗದರಿದೆ, ಅವಳಮ್ಮನಿಂದ ಹೇಳಿಸಿದೆ. "ಅವಳ ಹಾಳೆ, ಅವಳಿಷ್ಟ" ಎಂದಳು ಅವಳಮ್ಮ. ಅವಳಿಲ್ಲದಾಗ ಅವಳ ಪುಸ್ತಕಗಳ ನಡುವೆ ಹುಡುಕಲು ಒಮ್ಮೆ ಕೈ ಹಾಕಿ, ನಾಚಿಕೆಯಾಗಿ ತೆಗೆದೆ. ಅವಳ ಹಾಳೆಗೆ ಕೈ ಹಾಕಿ ಆಗಿದ್ದು ಸಾಲದೇ?

ಗುರುವಾರ ಟೀಚರ್ ಫೋನು ಮಾಡಿ ಬರಹೇಳಿದರು. ಚುಕ್ಕಿ ಸಿಬ್ಬಂದಿ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಮೇಜಿನ ಮೇಲೆ ಅವಳ ಕೈಬರಹದ ಒಂದು ಹಾಳೆ.

"ಅವಳೇ ಬಂದು ಕೊಟ್ಲು ಸರ್. ನಾನು ಕೇಳಿರ್ಲಿಲ್ಲ. ಪಾಲಕರು ಓದಿ ಸಹಿ ಹಾಕಬೇಕು."

ಈ ಸಲ ನಿಧಾನವಾಗಿ ಓದಿದೆ. ಒಂದೊಂದು ಪದವೂ ಏನು ಹೇಳುತ್ತದೆ ಎಂದು ತಿಳಿದುಕೊಂಡು ಓದಿದೆ.

'ಏಳನೆಯ ಆಕರವೆಂದು ಬರೆದ ವರದಿಯನ್ನು ನಾನು ಓದಿರಲಿಲ್ಲ. ಬೇರೆಲ್ಲೋ ಓದಿದ ಅಂಕಿಗೆ ಅದರ ಹೆಸರು ಹಾಕಿದೆ. ನನ್ನ ಪ್ರಾಜೆಕ್ಟ್ ದೊಡ್ಡದಾಗಿ ಕಾಣಲಿ ಎಂಬ ಆಸೆಯಿಂದ ಹಾಗೆ ಮಾಡಿದೆ. ಇದು ನನ್ನ ಯೋಚನೆ. ನನ್ನ ತಂದೆ ಆಕರ ಸೂಚಿಯನ್ನು ನೋಡಿಲ್ಲ.'

"ಬೇರೆಲ್ಲೋ ಅಂದ್ರೆ ಎಲ್ಲಿ ಅಂತ ಕೇಳ್ದೆ," ಟೀಚರ್ ಕಿಟಕಿಯ ಕಡೆ ನೋಡುತ್ತ ಹೇಳಿದರು. "ನೆನಪಿಲ್ಲ ಮೇಡಂ ಅಂದ್ಳು."

ನೆನಪಿಲ್ಲವಂತೆ. ತಾರೀಕು, ಪುಟ, ಮೂಲೆ ಎಲ್ಲ ಬರೆದಿಟ್ಟುಕೊಂಡವಳಿಗೆ, ಐಸ್ ಅಂಗಡಿಯವರ ಜೊತೆ ಮಾತಾಡಿದ್ದು ಭಾನುವಾರ ಬೆಳಿಗ್ಗೆ ಎಂದು ಮರೆಯದೆ ನಮೂದಿಸಿದವಳಿಗೆ. ಆಸೆ ನನ್ನದು, ಯೋಚನೆ ನನ್ನದು. ಅದನ್ನು ಅವಳು ತನ್ನ ಹೆಸರಿನಲ್ಲಿ ಬರೆದುಕೊಟ್ಟಿದ್ದಳು. ಪ್ರಾಜೆಕ್ಟಿನಲ್ಲಿ ಒಂದು ಸುಳ್ಳನ್ನೂ ಬರೆಯದ ಹುಡುಗಿ ಈ ಐದು ವಾಕ್ಯಗಳಲ್ಲಿ ಅಪ್ಪನಿಗೋಸ್ಕರ ಎಷ್ಟೊಂದು ಬರೆದಿದ್ದಳು.

"ಇದು ನಿಜವಲ್ಲ ಮೇಡಂ" ಎಂದೆ.

"ಹಾಗಂತ ನೀವು ಹೇಳಿದ್ರೆ ಅವಳು ಎರಡನೇ ಸಲ ಸುಳ್ಳು ಬರ್ಕೊಟ್ಟ ಹಾಗಾಗುತ್ತೆ ಸರ್. ಹರಿದು ಹಾಕ್ಲಾ, ಇಟ್ಕೊಳ್ಲಾ? ನೀವು ಹೇಳ್ದ ಹಾಗೆ ಮಾಡ್ತೀನಿ."

ಅವರು ಕಾದರು. ಬಾಗಿಲ ಸಂದಿಯಲ್ಲಿ ಅವಳ ಶೂ ಕಾಣುತ್ತಿತ್ತು, ಅಲುಗಾಡುತ್ತಿರಲಿಲ್ಲ. ಹರಿಯಿರಿ ಎನ್ನಲು ಬಾಯಿ ತೆರೆದೆ. ಸಮಿತಿ, ಹೊಸ ಪ್ರಾಜೆಕ್ಟ್, ಅವಳ ಇಡೀ ವರ್ಷ, ಎಲ್ಲ ಕಣ್ಣ ಮುಂದೆ ಬಂತು. ಟೀಚರ್ ಕೊಟ್ಟ ಪೆನ್ನು ತೆಗೆದುಕೊಂಡು, 'ಓದಿದ್ದೇನೆ' ಎಂದು ಕೆಳಗೆ ಬರೆದು ಸಹಿ ಹಾಕಿದೆ. ಟೀಚರ್ ಹಾಳೆಯನ್ನು ಫೈಲಿಗೆ ಸೇರಿಸಿದರು.

ಇಬ್ಬರೂ ಶಾಲೆಯ ಗೇಟು ದಾಟಿ ನಡೆದೆವು. ಬಿಸಿಲು ಜೋರಾಗಿತ್ತು. ಅವಳು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು, ಹೊರಲು ಕೈ ಚಾಚಿದರೆ ಕೊಡಲಿಲ್ಲ. ಕ್ಷಮೆ ಕೇಳಬೇಕೆಂದು ಮೂರು ಸಲ ಗಂಟಲು ಸರಿ ಮಾಡಿಕೊಂಡೆ. ಕೊನೆಗೆ ಅವಳೇ ಮಾತಾಡಿದಳು.

"ಮುಂದಿನ ತಿಂಗಳು ಹೊಸ ಪ್ರಾಜೆಕ್ಟ್ ಕೊಡ್ತಾರಂತೆ."

"ಹೌದಾ? ಒಳ್ಳೇದಾಯ್ತು."

"ಅದನ್ನ ನಿಂಗೆ ತೋರ್ಸಲ್ಲ ಅಪ್ಪಾ. ಬೇಜಾರ್ ಮಾಡ್ಕೋಬೇಡ."

ಹುಷಾರಿಲ್ಲದವರಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು. ಕಿರುಚಾಡಿದ್ದರೆ ಎಷ್ಟೋ ವಾಸಿಯಿತ್ತು. "ಇಲ್ಲಮ್ಮ, ಬೇಜಾರೇನಿಲ್ಲ" ಎಂದೆ. ಅವಳು ಎರಡೂ ಕಡೆ ನೋಡಿ ರಸ್ತೆ ದಾಟಿದಳು, ನಾನು ಅವಳ ಹಿಂದೆ ದಾಟಿದೆ.